ಒಡೆದು ಬಂದ ಮಾಲಿಗೆ ಇಂಗ್ಲಿಷಿನಲ್ಲಿ ದೂರು: ಯಾರಾದರೂ ಬರೆದಿದ್ದೀರಾ?

ಕೇಳಿದವರು, ಚಿಕ್ಕಮಗಳೂರು: ನಮ್ಮದು ಕಾಫಿಪುಡಿ ಅಂಗಡಿ. ಚೀನಾದಿಂದ ಗಾಜಿನ ಫ್ರೆಂಚ್ ಪ್ರೆಸ್ ತರಿಸಿದ್ದೆ, 40 ಬಾಕ್ಸ್, ಒಂದೊಂದರಲ್ಲಿ 12. ಬಿಚ್ಚಿದರೆ 31 ಒಡೆದಿವೆ. 'ಯುವರ್ ಮೆಟೀರಿಯಲ್ ಈಸ್ ವೆರಿ ಬ್ಯಾಡ್, ವಿ ಆರ್ ಸಫರಿಂಗ್, ಕೈಂಡ್ಲಿ ಡು ದಿ ನೀಡ್‌ಫುಲ್' ಅಂತ ಮೇಲ್ ಹಾಕಿದೆ. ಹತ್ತು ದಿನ ಆಯ್ತು, 'ವಿ ವಿಲ್ ಚೆಕ್' ಅಂತ ಬಂದಿದ್ದು ಬಿಟ್ಟರೆ ಬೇರೇನಿಲ್ಲ. ಹೇಗೆ ಬರೆದರೆ ದುಡ್ಡು ಬರುತ್ತೆ?

ಪಾತ್ರೆ ಅಂಗಡಿಯವರು, ಹಾಸನ: ಬಿಲ್ಲಿನಲ್ಲಿ ಎಫ್‌ಒಬಿ ಅಂತ ಇದೆಯಾ ನೋಡಿ. ಇದ್ದರೆ ಪತ್ರ ಬರೆದು ಪ್ರಯೋಜನ ಇಲ್ಲ. ಮಾಲು ಹಡಗು ಹತ್ತಿದ ಮೇಲೆ ಅದು ನಿಮ್ಮದು, ಕಳಿಸಿದವರಿಗೆ ಸಂಬಂಧ ಇಲ್ಲ. ಇನ್ಶೂರೆನ್ಸ್ ಮಾಡಿಸಿದ್ದರೆ ಅಲ್ಲಿ ಕೇಳಿ.

ಸ್ಟೀಲ್ ಡಬ್ಬಿ ತರಿಸಿದವರು, ಬೇಲೂರು: ನನಗೂ ಹೀಗೇ ಆಗಿತ್ತು. ಮನೆಗೆ ಆನ್‌ಲೈನಿನಲ್ಲಿ ತರಿಸಿದ ಡಬ್ಬಿಗಳು ತಗ್ಗಾಗಿ ಬಂದಿದ್ದವು. 1915ಕ್ಕೆ ಫೋನ್ ಮಾಡಿದೆ, ವಾರದಲ್ಲಿ ಹಣ ಬಂತು. ನೀವೂ ಅಲ್ಲಿಗೆ ಮಾಡಿ.

ಕಾಫಿ ರಫ್ತು ಕಚೇರಿಯಲ್ಲಿದ್ದವರು, ಹಾಸನ: 1915 ಗ್ರಾಹಕರ ಸಹಾಯವಾಣಿ. ಮನೆಗೆ ಕೊಂಡವರಿಗೆ ಸರಿ, ಮಾರಲು ತಂದ ಮಾಲಿಗೆ ಅಲ್ಲ.

ಎಫ್‌ಒಬಿ ಮಾತು ಅರ್ಧ ಸರಿ. ಹಡಗಿನಲ್ಲಿ ಬಿದ್ದು ಒಡೆದರೆ ನಷ್ಟ ನಿಮ್ಮದೇ. ಆದರೆ ಸಾಗಾಟಕ್ಕೆ ತಕ್ಕ ಹಾಗೆ ಪ್ಯಾಕ್ ಮಾಡುವುದು ಕಳಿಸುವವರ ಜವಾಬ್ದಾರಿ. ಪ್ಯಾಕಿಂಗ್ ಸರಿಯಿಲ್ಲದೆ ಒಡೆದಿದ್ದರೆ ಅವರನ್ನೇ ಕೇಳಬಹುದು. ಹಾಗಾಗಿ ಮೊದಲು ಹೇಳಿ, ಒಡೆದ ಬಾಕ್ಸ್‌ಗಳ ಹೊರಗೆ ಜಜ್ಜಿದ ಗುರುತು ಇತ್ತಾ?

ಕೇಳಿದವರು: ಇಲ್ಲ ಸರ್, ಹೊರಗೆ ನೀಟಾಗಿತ್ತು, ಟೇಪ್ ಕೂಡ ಬಿಚ್ಚಿರಲಿಲ್ಲ. ಹೋದ ಸಲ ಗಾಜುಗಳ ಮಧ್ಯೆ ದಪ್ಪ ರಟ್ಟಿನ ಅಡ್ಡ ಇತ್ತು. ಈ ಸಲ ತೆಳು ಹಾಳೆ ಇದೆ, ಗಾಜಿಗೆ ಗಾಜು ತಾಗಿದೆ.

ಕಾಫಿ ರಫ್ತು ಕಚೇರಿಯಲ್ಲಿದ್ದವರು: ನಿಮ್ಮ ಪತ್ರದ ಜೀವ ಇದೇ, ಮೇಲ್‌ನಲ್ಲಿ ಇದೊಂದೂ ಇಲ್ಲ ಅಲ್ವಾ. ಹೊರದೇಶದ ಖರೀದಿದಾರರು ನಮಗೆ ಕಳಿಸುತ್ತಿದ್ದ ದೂರುಗಳನ್ನು ಓದುವುದು ವರ್ಷಗಟ್ಟಲೆ ನನ್ನ ಕೆಲಸವಾಗಿತ್ತು. ಬೇಜಾರು ಹೇಳಿಕೊಂಡ ಪತ್ರ ಪಕ್ಕಕ್ಕೆ ಹೋಗುತ್ತಿತ್ತು, ಬಾಕ್ಸ್ ನಂಬರ್ ಹಾಕಿ ಇಷ್ಟು ಕೊಡಿ ಅಂದ ಪತ್ರ ಅದೇ ದಿನ ಮ್ಯಾನೇಜರ್ ಟೇಬಲ್ ಮೇಲೆ ಇರುತ್ತಿತ್ತು.

'ಡು ದಿ ನೀಡ್‌ಫುಲ್' ನಮ್ಮ ಕಡೆ ನಡೆಯುತ್ತೆ, ಅಲ್ಲಿಯವರಿಗೆ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. 'ಮೆಟೀರಿಯಲ್' ಬದಲು 'ಗೂಡ್ಸ್' ಅನ್ನಿ. 'ಯು ಸೆಂಟ್ ಬ್ರೋಕನ್' ಅಂದರೆ ಕಳಿಸುವಾಗ ಚೆನ್ನಾಗಿಯೇ ಇತ್ತು ಅಂತ ವಾದ ಶುರುವಾಗುತ್ತೆ. ನಾವು ಕನ್ನಡದಲ್ಲಿ 'ಒಡೆದಿದ್ದು ಕಂಡಿತು' ಅನ್ನುತ್ತೇವಲ್ಲ, ಹಾಗೇ 'ವರ್ ಫೌಂಡ್ ಬ್ರೋಕನ್ ವೆನ್ ವಿ ಓಪನ್ಡ್ ದಿ ಕಾರ್ಟನ್ಸ್' ಅಂತ ಬರೆಯಿರಿ. ತಾರೀಕಿಗೆ ತಿಂಗಳ ಹೆಸರು ಹಾಕಿ. 05/06 ಅಂದರೆ ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6.

ವಿಷಯದ ಸಾಲಿನಲ್ಲೇ ಇನ್‌ವಾಯ್ಸ್ ನಂಬರ್ ಮತ್ತು ಒಡೆದ ಲೆಕ್ಕ ಇರಲಿ. ಮಾಲು ಎಂದು ತಲುಪಿತು, ಎಂದು ಬಿಚ್ಚಿದಿರಿ, ಯಾವ ನಂಬರಿನ ಬಾಕ್ಸಿನಲ್ಲಿ ಎಷ್ಟು, ಇದು ಮೊದಲ ಭಾಗ. ಹೊರಗೆ ಏನೂ ಆಗಿಲ್ಲ, ಒಳಗೆ ಅಡ್ಡ ಇಲ್ಲ, ಹೋದ ಸಲ ಇತ್ತು ಅನ್ನುವುದು ಎರಡನೆಯದು. ಎರಡೂ ಸಲದ ಫೋಟೋ ಸಿಕ್ಕರೆ ಪಕ್ಕಪಕ್ಕ ಹಾಕಿ. ಕೊನೆಗೆ ಬೇಕಾದ ಮೊತ್ತ ಡಾಲರಿನಲ್ಲಿ, ಯಾವ ತಾರೀಕಿನೊಳಗೆ ಉತ್ತರ ಬೇಕು ಅಂತ. ಒಂದರ ಬೆಲೆ ಎಷ್ಟು?

ಕೇಳಿದವರು: 6.50 ಡಾಲರ್. ದುಡ್ಡಿನ ಬದಲು ಹೊಸದು ಕಳಿಸಿ ಅಂತ ಕೇಳಲಾ? ಇನ್ನೊಂದು, 9 ಆಗಲೇ ಕಸಕ್ಕೆ ಹಾಕಿಬಿಟ್ಟಿದ್ದೇನೆ. ಹುಡುಗರ ಕೈಗೆ ತಾಗುತ್ತೆ ಅಂತ.

ಕಾಫಿ ರಫ್ತು ಕಚೇರಿಯಲ್ಲಿದ್ದವರು: ಬಿಲ್ಲಿನಲ್ಲಿ ಫ್ರೀ ಅಂತ ಬರೆದು ಕಳಿಸಿದರೂ ಕಸ್ಟಮ್ಸ್ ಸುಂಕ ತಪ್ಪಲ್ಲ, ಸಾಗಾಟದ ಖರ್ಚು ಬೇರೆ. ಇಷ್ಟು ಸಣ್ಣ ಮೊತ್ತಕ್ಕೆ ಮುಂದಿನ ಬಿಲ್ಲಿನಲ್ಲಿ ಕಳೆಯಲಿ, ಆದರೆ ಕ್ರೆಡಿಟ್ ನೋಟ್ ಬರವಣಿಗೆಯಲ್ಲೇ ಬೇಕು. ನೀವಾಗಿಯೇ ಸುಮ್ನೆ ಕಡಿಮೆ ಕಳಿಸಬೇಡಿ, ಬ್ಯಾಂಕಿನವರು ಕಾಗದಕ್ಕೂ ದುಡ್ಡಿಗೂ ತಾಳೆ ನೋಡುತ್ತಾರೆ.

ಕೈಯಲ್ಲಿರುವ 22ಕ್ಕೆ 143 ಡಾಲರ್ ಅಂತ ಒಂದು ಸಾಲು. ಎಸೆದ 9ಕ್ಕೆ 58.50, ಸುರಕ್ಷತೆಗಾಗಿ ಎಸೆದೆವು ಅಂತ ಬೇರೆ ಸಾಲು. ಸೇರಿಸಿ 201.50. ಒಂದರಲ್ಲೇ ಬೆರೆಸಿದರೆ ಅವರು 9ಕ್ಕೆ ಸಾಕ್ಷಿ ಕೇಳಿ ಎಲ್ಲವನ್ನೂ ಹಿಡಿದಿಡಬಹುದು. ಉಳಿದ ಗಾಜನ್ನು ಉತ್ತರ ಬರುವವರೆಗೆ ಎಸೆಯಬೇಡಿ.

ಪಾತ್ರೆ ಅಂಗಡಿಯವರು: ಪ್ಯಾಕಿಂಗ್ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಆ 9ಕ್ಕೆ ಕೊಡ್ತಾರೆ ಅನ್ನಿಸಲ್ಲ.

ಕೇಳಿದವರು: ಕೇಳಿ ನೋಡ್ತೀನಿ. ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಾಕ್ಸ್ ನಂಬರ್ ಎಲ್ಲ ಬರೆದುಕೊಂಡು ಕೂರುತ್ತೇನೆ. ಹೋದ ಸಲದ ಒಂದು ಬಾಕ್ಸ್ ಗೋಡೌನಿನಲ್ಲಿ ಇನ್ನೂ ಬಿಚ್ಚದೆ ಇದೆ, ಅದರದ್ದೇ ಫೋಟೋ ತೆಗೆಯುತ್ತೇನೆ.