ಡೈವಿಂಗ್‌ನಲ್ಲಿ ‘ಡಿಫಿಕಲ್ಟಿ’, ‘ಎಕ್ಸಿಕ್ಯೂಷನ್‌’ಗೆ ಏನನ್ನೋಣ? ನೀರು ಚಿಮ್ಮಿದರೆ ಅಂಕ ಹೋಗುವುದು ಯಾಕೆ?

ಕೇಳಿದವರು: ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಕ್ರೀಡಾ ಕೈಪಿಡಿಗೆ ಡೈವಿಂಗ್ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ‘ಡಿಗ್ರಿ ಆಫ್ ಡಿಫಿಕಲ್ಟಿ’ಗೆ ‘ಕಠಿಣತೆಯ ಮಟ್ಟ’, ‘ಎಕ್ಸಿಕ್ಯೂಷನ್‌’ಗೆ ‘ನಿರ್ವಹಣೆ’ ಎಂದು ಹಾಕಿದ್ದೆ, ಓದಿದ ಹುಡುಗರಿಗೆ ತಲೆಬುಡ ಗೊತ್ತಾಗಲಿಲ್ಲ. ನನಗೂ ಒಂದು ಅನುಮಾನ ಇದೆ. ತೀರ್ಪುಗಾರರು ಕಷ್ಟಕ್ಕೆ ಇಷ್ಟು, ಮಾಡಿದ ರೀತಿಗೆ ಇಷ್ಟು ಅಂತ ಬೇರೆ ಬೇರೆ ಅಂಕ ಕೊಡುತ್ತಾರಾ? ಕೊನೆಯಲ್ಲಿ ಚಿಮ್ಮುವ ನೀರಿಗೂ ಅಂಕ ಇದೆಯಾ? ಇದು ತಿಳಿಯದೆ ಪದ ಆರಿಸುವುದು ಹೇಗೆ?

ಉತ್ತರ: ಮಂಡ್ಯದಿಂದ

ಸರ್, ಇದಕ್ಕೆ ಪದ ಯಾಕೆ ಹುಡುಕುತ್ತೀರಿ, ‘ದುಡುಮ್ಮನೆ ಬೀಳುವುದು’ ಅಂತ ಇದೆಯಲ್ಲ! ನಾವು ಹುಡುಗರಾಗಿದ್ದಾಗ ವಿ.ಸಿ. ನಾಲೆಗೆ ಹಾರುತ್ತಿದ್ದೆವು, ದಡದಲ್ಲಿ ಕೂತವರ ಮೈಯೆಲ್ಲ ಒದ್ದೆ ಮಾಡಿದವನೇ ಗೆದ್ದ. ಮೊಣಕಾಲು ಮಡಚಿ ಕುಂಡೆ ಊರಿ ಬಿದ್ದರೆ ನೀರು ಜಾಸ್ತಿ ಏಳುತ್ತದೆ. ಟೀವಿಯಲ್ಲಿ ಇದು ಉಲ್ಟಾ ಆಗಿದ್ದು ಯಾಕೋ ನನಗಂತೂ ಗೊತ್ತಿಲ್ಲ.

ಉತ್ತರ: ಸರಸ್ವತಿಪುರಂನಿಂದ

ನಾನು ಒಲಿಂಪಿಕ್ಸ್ ತಪ್ಪದೆ ನೋಡುತ್ತೇನೆ. ಏಳು ಜನ ತೀರ್ಪುಗಾರರು ಇರುತ್ತಾರೆ, ಎಲ್ಲಕ್ಕಿಂತ ಜಾಸ್ತಿ ಕೊಟ್ಟ ಒಬ್ಬರದು, ಕಡಿಮೆ ಕೊಟ್ಟ ಒಬ್ಬರದು ತೆಗೆದುಹಾಕಿ ಉಳಿದದ್ದನ್ನು ಕೂಡುತ್ತಾರೆ. ಡೈವ್ ಕಷ್ಟದ್ದಾದರೆ ತೀರ್ಪುಗಾರರೇ ಒಂದರ್ಧ ಅಂಕ ಮೇಲೆ ಹಾಕುತ್ತಾರೆ. ಹಾಗಾಗಿ ‘ಕಷ್ಟದ ಅಂಕ’ ಅಂದರೆ ಸಾಕು ಅನ್ನಿಸುತ್ತದೆ.

ಉತ್ತರ: ಚಾಮುಂಡಿಪುರಂನಿಂದ

ಮೇಡಂ, ಅರ್ಧ ಸರಿ. ಒಬ್ಬೊಬ್ಬರದು ತೆಗೆಯುವುದು ಐದು ಜನ ಇದ್ದಾಗ. ಏಳು ಜನ ಇದ್ದರೆ ಮೇಲಿನ ಎರಡು, ಕೆಳಗಿನ ಎರಡು ಹೋಗುತ್ತವೆ, ನಡುವಿನ ಮೂರು ಮಾತ್ರ ಉಳಿಯುತ್ತವೆ. ಹಲವು ವರ್ಷ ಈಜು ತರಬೇತಿ ಕೊಟ್ಟವನು, ಚಿಕ್ಕ ಕೂಟಗಳಲ್ಲಿ ತೀರ್ಪುಗಾರರ ಕುರ್ಚಿಯಲ್ಲೂ ಕೂತವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಷ್ಟಕ್ಕೆ ತೀರ್ಪುಗಾರರು ಅಂಕ ಕೊಡುವುದೇ ಇಲ್ಲ. ಅದು ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಎಷ್ಟು ಲಾಗ, ಎಷ್ಟು ತಿರುವು, ಮೈ ಹೇಗೆ ಮಡಚಿರಬೇಕು, ಎಷ್ಟು ಎತ್ತರದಿಂದ ಅನ್ನುವುದನ್ನೆಲ್ಲ ಲೆಕ್ಕ ಹಾಕಿ ಪ್ರತಿ ಡೈವ್‌ಗೂ ಒಂದು ಅಂಕಿ ನಿಗದಿ ಆಗಿದೆ. ಹಾರುವವರು ಯಾವ ಡೈವ್ ಹಾರುತ್ತೇವೆಂದು ಮೊದಲೇ ಬರೆದುಕೊಟ್ಟಿರುತ್ತಾರೆ. ಉದಾಹರಣೆಗೆ 107B. ಮೊದಲ 1 ಅಂದರೆ ಮುಂದಕ್ಕೆ ಹಾರುವುದು, 7 ಅಂದರೆ ಏಳು ಅರ್ಧ ಲಾಗ, ಅಂದರೆ ಮೂರೂವರೆ. B ಅಂದರೆ ಮೊಣಕಾಲು ಮಡಚದೆ ಸೊಂಟದಲ್ಲಿ ಬಗ್ಗಿರುವುದು. 10 ಮೀಟರ್ ಎತ್ತರದಿಂದ ಇದರ ಅಂಕಿ 3.0. ಅದೇ ಡೈವ್ 3 ಮೀಟರ್ ಹಲಗೆಯಿಂದ ಹಾರಿದರೆ 3.1, ಅಲ್ಲಿ ತಿರುಗಲು ಸಮಯ ಕಡಿಮೆ ನೋಡಿ.

ತೀರ್ಪುಗಾರರು ಮಾಡಿದ ರೀತಿಯನ್ನು ಮಾತ್ರ ನೋಡಿ ಸೊನ್ನೆಯಿಂದ ಹತ್ತರವರೆಗೆ, ಅರ್ಧರ್ಧ ಅಂಕದ ಲೆಕ್ಕದಲ್ಲಿ ಕೊಡುತ್ತಾರೆ. ಏಳು ಜನ 7, 7.5, 8, 8, 8, 8.5, 9 ಕೊಟ್ಟರು ಅಂದುಕೊಳ್ಳಿ. ನಡುವಿನ ಮೂರು ಎಂಟು ಕೂಡಿದರೆ 24, ಗುಣಿಸು 3.0, ಒಟ್ಟು 72. ಇನ್ನೊಬ್ಬ ನಾಲ್ಕೂವರೆ ಲಾಗದ 109C ಹಾರಿದ, ಅಂಕಿ 3.7. ಅಷ್ಟು ಚೆನ್ನಾಗಿ ಬರಲಿಲ್ಲ, ನಡುವಿನ ಮೂವರೂ 6.5 ಕೊಟ್ಟರು. 19.5 ಗುಣಿಸು 3.7, ಅಂದರೆ 72.15. ಒರಟಾಗಿ ಹಾರಿದವನೇ ಕೂದಲೆಳೆಯಷ್ಟು ಮುಂದೆ. ಆದ್ದರಿಂದ ಕಷ್ಟ ಅನ್ನುವುದು ಅಂಕ ಅಲ್ಲ, ಅಂಕವನ್ನು ಗುಣಿಸುವ ಅಂಕಿ. ಪದ ಆರಿಸುವಾಗ ಅದನ್ನು ಗಮನಿಸಿ.

ಉತ್ತರ: ಕುವೆಂಪುನಗರದಿಂದ

ಸರ್, ಬಹಳ ಉಪಕಾರ. ‘ಕಷ್ಟಾಂಕ’ ಅಂದರೆ ಮತ್ತೆ ಅಂಕ ಅಂತಲೇ ಆಗುತ್ತದೆ, ‘ಕಷ್ಟದ ಗುಣಕ’ ಹೇಗೆ? ‘ಎಕ್ಸಿಕ್ಯೂಷನ್‌’ಗೆ ನೀವೇ ಬರೆದ ‘ಮಾಡಿದ ರೀತಿ’ ಹಾಕಿಬಿಡುತ್ತೇನೆ. ನೀರಿನ ವಿಷಯ ಮಾತ್ರ ಉಳಿಯಿತು.

ಉತ್ತರ: ಚಾಮುಂಡಿಪುರಂನಿಂದ

ಗುಣಕ ಸರಿಯಾಗಿದೆ. ನೀರಿಗೆ ಅಂತ ಬೇರೆ ಅಂಕ ಇಲ್ಲ. ನಿಂತ ನಿಲುವು, ಜಿಗಿತ, ಗಾಳಿಯಲ್ಲಿ ಮೈ ಇದ್ದ ರೀತಿ, ನೀರಿಗೆ ಹೋದ ರೀತಿ, ಎಲ್ಲ ಸೇರಿಸಿಯೇ ಒಂದು ಅಂಕ. ನೀರಿಗೆ ಹೋಗುವಾಗ ಮೈ ನೆಟ್ಟಗೆ, ನೇರ ಕೆಳಕ್ಕೆ ಇರಬೇಕು, ಪಾದ ಜೋಡಿಸಿ ಬೆರಳು ಚಾಚಿರಬೇಕು. ಹಾಗೆ ಇತ್ತೋ ಇಲ್ಲವೋ ಅನ್ನುವುದನ್ನು ಚಿಮ್ಮಿದ ನೀರು ತಕ್ಷಣ ಹೇಳಿಬಿಡುತ್ತದೆ. 10 ಮೀಟರ್‌ನಿಂದ ಬಂದವರು ನೀರಿಗೆ ತಾಗುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತಾರೆ, ಅಷ್ಟರಲ್ಲಿ ಕೋನ ಅಳೆಯಲು ಕಣ್ಣಿಗೆ ಪುರುಸೊತ್ತೆಲ್ಲಿ. ಮುಂದಕ್ಕೆ ಲಾಗ ಹಾಕಿದವರು ಪೂರ್ತಿ ತಿರುಗುವ ಮೊದಲೇ ನೀರು ಮುಟ್ಟಿದರೆ ತೊಡೆಯ ಮುಂಭಾಗ ಬಡಿಯುತ್ತದೆ, ಜಾಸ್ತಿ ತಿರುಗಿದರೆ ಕಾಲಿನ ಹಿಂಭಾಗ. ಎರಡರಲ್ಲೂ ನೀರು ಒಂದೇ ಕಡೆಗೆ ಏಳುತ್ತದೆ.

ಚೆನ್ನಾಗಿ ಹಾರುವವರು ಮೊನಚಾಗಿ ಕೈ ಜೋಡಿಸಿ ಹೋಗುತ್ತಾರೆ ಎಂದು ತುಂಬಾ ಜನ ತಿಳಿದಿದ್ದಾರೆ, ಅದು ಹಾಗಲ್ಲ. ಒಂದು ಕೈಯಿಂದ ಇನ್ನೊಂದನ್ನು ಹಿಡಿದು, ಮಣಿಕಟ್ಟು ಮಡಚಿ, ಅಂಗೈಯನ್ನು ಚಪ್ಪಟೆಯಾಗಿ ನೀರಿಗೆ ಒಡ್ಡುತ್ತಾರೆ. ಆ ಅಂಗೈ ನೀರಿನಲ್ಲಿ ಒಂದು ತೂತು ಮಾಡುತ್ತದೆ, ತಲೆ, ಭುಜ, ಸೊಂಟ ಎಲ್ಲ ಅದೇ ತೂತಿನಲ್ಲಿ ಹೋಗಬೇಕು. ಒಳಗೆ ಹೋದ ಕೂಡಲೇ ಕೈಗಳನ್ನು ಅಕ್ಕಪಕ್ಕಕ್ಕೆ ಬೀಸಿ ಎಳೆಯುತ್ತಾರೆ, ಆಗ ನೀರು ಮೇಲಕ್ಕೆ ಹಾರುವ ಬದಲು ಅವರ ಹಿಂದೆಯೇ ಒಳಕ್ಕೆ ಸೇರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಬರೀ ನೊರೆ ಏಳುತ್ತದೆ. ಬಟ್ಟೆ ಹರಿದ ಹಾಗೆ ಸದ್ದು ಬರುವುದರಿಂದ ಇದಕ್ಕೆ ‘ರಿಪ್’ ಅನ್ನುತ್ತಾರೆ. ಇದಕ್ಕೆ ಮಣಿಕಟ್ಟು ತೆರುವ ಬೆಲೆ ದೊಡ್ಡದು, ಹಾರುವವರ ಕೈಗೆ ಸುತ್ತಿದ ಪಟ್ಟಿ ನೋಡಿರಬಹುದು.

ಟೋಕಿಯೋ ಒಲಿಂಪಿಕ್ಸ್‌ನ 10 ಮೀಟರ್ ಫೈನಲ್‌ನಲ್ಲಿ ಚೀನಾದ 14 ವರ್ಷದ ಹುಡುಗಿ ಕ್ವಾನ್ ಹಾಂಗ್‌ಚಾನ್ ಮೊದಲು ಹಾರಿದ್ದು ಇದೇ 107B. ಬಂದದ್ದು 82.50. ಅಂದರೆ ನಡುವಿನ ಮೂರೂ ಕೂಡಿ 27.5. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅದೇ ಡೈವ್‌ಗೆ ಏಳೂ ಜನ ಹತ್ತು ಕೊಟ್ಟರು, 90 ಬಂತು. ಗುಣಕ ಬದಲಾಗಿಲ್ಲ, ಏಳೂವರೆ ಅಂಕದ ಅಂತರ ಪೂರ್ತಿ ಮಾಡಿದ ರೀತಿಯಿಂದ ಬಂದದ್ದು.

ಉತ್ತರ: ಸರಸ್ವತಿಪುರಂನಿಂದ

ಐದು-ಏಳರ ಲೆಕ್ಕ ಒಪ್ಪಿದೆ ಸರ್. ಆದರೆ ಗಾಳಿಯಲ್ಲಿ ಕಾಲು ಬಿಟ್ಟುಕೊಂಡು, ಕೊನೆಯಲ್ಲಿ ಮಾತ್ರ ನೀರು ಚಿಮ್ಮದ ಹಾಗೆ ಹೋದವರಿಗೂ ಎಂಟೂವರೆ ಬಿದ್ದದ್ದನ್ನು ನೋಡಿದ್ದೇನೆ. ಅದು ನ್ಯಾಯವಾ?

ಉತ್ತರ: ಚಾಮುಂಡಿಪುರಂನಿಂದ

ನ್ಯಾಯ ಅಲ್ಲ. ಕೊನೆಗೆ ಕಂಡದ್ದೇ ತಲೆಯಲ್ಲಿ ಉಳಿಯುತ್ತದೆ, ಕುರ್ಚಿಯಲ್ಲಿ ಕೂತಾಗ ನನಗೂ ಆ ಎಳೆತ ಇರುತ್ತಿತ್ತು. ಉಲ್ಟಾ ಕೂಡ ಆಗುತ್ತದೆ. ಮೈ ನೆಟ್ಟಗೇ ಹೋಗಿ, ಅಂಗೈ ಸ್ವಲ್ಪ ಓರೆಯಾಗಿ ನೀರು ಎದ್ದರೆ ಎಷ್ಟು ಕಳೆಯಬೇಕು ಅನ್ನುವುದರಲ್ಲಿ ಇಬ್ಬರು ತೀರ್ಪುಗಾರರು ಒಪ್ಪುವುದು ಕಷ್ಟ. ಅದಕ್ಕೇ ತುದಿಯ ನಾಲ್ಕು ಅಂಕ ತೆಗೆಯುವುದು, ಆದರೆ ಏಳೂ ಜನ ಒಂದೇ ಕಡೆ ವಾಲಿದರೆ ಅದೂ ಉಪಯೋಗಕ್ಕೆ ಬರುವುದಿಲ್ಲ.

ಉತ್ತರ: ಮಂಡ್ಯದಿಂದ

ಅಣ್ಣ, ಹಾಗಾದರೆ ಕಾಲು ಕೆಳಗೆ ಮಾಡಿ ನೇರ ಇಳಿದರೆ?

ಉತ್ತರ: ಚಾಮುಂಡಿಪುರಂನಿಂದ

ಕಾಲು ಮೊದಲು ಅಂತಲೇ ಬರೆದುಕೊಟ್ಟ ಡೈವ್ ಆದರೆ ಸರಿ, ಕೈ ಮೈಗೆ ಅಂಟಿರಬೇಕು. ತಲೆ ಮೊದಲು ಅಂತ ಬರೆದು ಕಾಲಲ್ಲಿ ಇಳಿದರೆ ಸೊನ್ನೆ. ನೀರು ಒಂದು ಹನಿ ಚಿಮ್ಮದಿದ್ದರೂ ಸೊನ್ನೆಯೇ.

ಉತ್ತರ: ಕುವೆಂಪುನಗರದಿಂದ

‘ಕಷ್ಟದ ಗುಣಕ’, ‘ಮಾಡಿದ ರೀತಿ’ ಎರಡೂ ಕೈಪಿಡಿಗೆ ಹೋಗುತ್ತಿವೆ. ‘ರಿಪ್‌’ಗೆ ‘ಸೀಳು’ ಹಾಕಲಾ, ಹಾಗೇ ಬಿಡಲಾ? ಅಚ್ಚಿಗೆ ಕೊಡುವುದು ಸೋಮವಾರ, ಅದಕ್ಕೆ ಮೊದಲು ಯಾರಾದರೂ ಹೇಳಿ.