ಪದಚರ್ಚೆ: 'ಪ್ಯಾಟರ್ನ್ ರೆಕಗ್ನಿಷನ್ ರಿಸೆಪ್ಟರ್'ಗೆ ಕನ್ನಡದಲ್ಲಿ ಏನನ್ನೋಣ?

ಅಡಿಟಿಪ್ಪಣಿ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಪದವಿ ಮೊದಲ ವರ್ಷದವರಿಗಾಗಿ ರೋಗನಿರೋಧಕ ಶಕ್ತಿಯ ಬಗ್ಗೆ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ವಾಕ್ಯದ ಹತ್ತಿರ ನಿಂತುಬಿಟ್ಟಿದ್ದೇನೆ. ಸದ್ಯಕ್ಕೆ ಅದು ಹೀಗಿದೆ:

"ಟೋಲ್ ತರಹದ ಗ್ರಾಹಕಗಳು ಮಾದರಿ ಗುರುತಿಸುವ ಗ್ರಾಹಕಗಳಾಗಿದ್ದು, ಸೂಕ್ಷ್ಮಾಣುಗಳನ್ನು ಪತ್ತೆಹಚ್ಚಿ ಉರಿಯೂತವನ್ನು ಪ್ರಚೋದಿಸುತ್ತವೆ."

ಇದನ್ನು ತಂಗಿಯ ಮಗಳಿಗೆ ಓದಲು ಕೊಟ್ಟೆ. ಅವಳು ಅದೇ ತರಗತಿಯವಳು. ಓದಿ ಮುಗಿಸಿ, "ದೊಡ್ಡಮ್ಮ, ಮಾದರಿ ಅಂದ್ರೆ ಸ್ಯಾಂಪಲ್ಲಾ? ಗ್ರಾಹಕ ಅಂದ್ರೆ ಕಸ್ಟಮರ್ ಅಲ್ವಾ?" ಅಂದಳು. ಅವಳ ತಪ್ಪೇನೂ ಇಲ್ಲ. ದಿನವೂ ಆ ಪದಗಳು ಅವಳ ಕಿವಿಗೆ ಬೀಳುವುದು ಆ ಅರ್ಥದಲ್ಲೇ.

'ಪ್ಯಾಟರ್ನ್'ಗೆ ಮಾದರಿ ಬಿಟ್ಟು ಏನಿದೆ? 'ಟೋಲ್' ಅನ್ನು ಹಾಗೇ ಇಡಬೇಕಾ, ಅನುವಾದಿಸಬೇಕಾ? ಗ್ರಾಹಕಕ್ಕೆ ಬದಲಿ ಪದ ಯಾರಾದರೂ ಬಳಸಿದ್ದೀರಾ?

ಕಾಗುಣಿತ ಬರೆದದ್ದು:

ಅಡಿಟಿಪ್ಪಣಿ ಅವರೇ, 'ಟೋಲ್' ಅನ್ನು ಖಂಡಿತ ಅನುವಾದಿಸಬಹುದು. ಆ ಇಂಗ್ಲಿಷ್ ಪದಕ್ಕೆ ಸುಂಕ ಎಂಬ ಅರ್ಥ ಇದೆ, ಗಂಟೆ ಬಾರಿಸು ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ಹೊಂದುತ್ತವೆ. ಜೀವಕೋಶದ ಹೊರಬಾಗಿಲಲ್ಲಿ ನಿಂತು ಒಳಗೆ ಬರುವ ಸೂಕ್ಷ್ಮಾಣುವನ್ನು ತಡೆಯುವುದು ಸುಂಕದ ಕಟ್ಟೆಯ ಕೆಲಸ. ಅಪಾಯ ಬಂತೆಂದು ಎಲ್ಲರನ್ನೂ ಎಬ್ಬಿಸುವುದು ಗಂಟೆಯ ಕೆಲಸ. ನನ್ನ ಆಯ್ಕೆ 'ಗಂಟೆ ಗ್ರಾಹಕ'. ವಿದ್ಯಾರ್ಥಿಗೆ ಕೆಲಸವೂ ಕಣ್ಣಿಗೆ ಕಟ್ಟುತ್ತದೆ.

'ಪ್ಯಾಟರ್ನ್'ಗೆ ವಿನ್ಯಾಸ ಅನ್ನಿ. ಅದು ಈಗಾಗಲೇ ರೂಢಿಯಲ್ಲಿದೆ.

ಪಿಪೆಟ್ ಬರೆದದ್ದು:

ಕಾಗುಣಿತ ಅವರ ಗಂಟೆಯ ಹೋಲಿಕೆ ನನಗೂ ಇಷ್ಟವಾಯಿತು, ಎಬ್ಬಿಸುವ ಕೆಲಸ ನಿಜವೇ. ಆದರೆ ಹೆಸರು ಅಲ್ಲಿಂದ ಬಂದದ್ದಲ್ಲ. ಇದು ಇಂಗ್ಲಿಷ್ ಪದವೇ ಅಲ್ಲ, ಜರ್ಮನ್. ಹಣ್ಣುನೊಣದ ಭ್ರೂಣಗಳ ಮೇಲೆ ಕೆಲಸ ಮಾಡುತ್ತಿದ್ದ ಕ್ರಿಸ್ಟಿಯಾನೆ ನ್ಯುಸ್‌ಲೈನ್-ಫೋಲ್ಹಾರ್ಡ್ ಒಂದು ವಿಚಿತ್ರ ಭ್ರೂಣ ನೋಡಿ "ಟೋಲ್!" ಎಂದು ಉದ್ಗರಿಸಿದರು, ಆ ಜೀನ್‌ಗೆ ಅದೇ ಹೆಸರು ನಿಂತಿತು ಅಂತ ಹೇಳುತ್ತಾರೆ. ನಮ್ಮಲ್ಲಿ "ಅಬ್ಬಾ!" ಅಂದ ಹಾಗೆ. ಆಗ ಅದಕ್ಕೂ ರೋಗಕ್ಕೂ ಸಂಬಂಧ ಗೊತ್ತಿರಲಿಲ್ಲ. ಭ್ರೂಣದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧರಿಸುವ ಜೀನ್ ಅದು. ಟೋಲ್ ಕೆಟ್ಟ ನೊಣಗಳು ಶಿಲೀಂಧ್ರದ ಸೋಂಕಿಗೆ ಸಾಯುತ್ತವೆ ಎಂದು 1996ರಲ್ಲಿ ಜೂಲ್ ಹಾಫ್‌ಮನ್ ಅವರ ತಂಡ ತೋರಿಸಿತು. ಮಾರನೇ ವರ್ಷ ಮನುಷ್ಯರಲ್ಲೂ ಅದನ್ನು ಹೋಲುವುದು ಸಿಕ್ಕಿತು. 'ತರಹದ' ಎಂಬ ಬಾಲ ಬಂದದ್ದು ಹಾಗೆ. ಆದ್ದರಿಂದ ಟೋಲ್ ಅನ್ನು ಹಾಗೇ ಬಿಡಿ, ಅದು ಹೆಸರು.

ಸುಂಕದ ಕಟ್ಟೆಯಂತೂ ಬೇಡವೇ ಬೇಡ. ಇವು ಯಾರನ್ನೂ ತಡೆಯುವುದಿಲ್ಲ. ಎಲ್ಲವೂ ಬಾಗಿಲಲ್ಲೇ ಇರುವುದೂ ಇಲ್ಲ. ಮನುಷ್ಯರಲ್ಲಿ ಇಂಥವು 10 ಇವೆ. ಅವುಗಳಲ್ಲಿ ಟಿಎಲ್‌ಆರ್3, 7, 8, 9 ಜೀವಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಕೂತು ಕೆಲಸ ಮಾಡುತ್ತವೆ.

ವಿನ್ಯಾಸವೂ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಪ್ಯಾಟರ್ನ್ ಅಂದರೆ ಬಟ್ಟೆಯ ಮೇಲಿನ ಚಿತ್ತಾರದ ಥರ ಅಲ್ಲ. ಒಂದು ಇಡೀ ಗುಂಪಿನ ಸೂಕ್ಷ್ಮಾಣುಗಳಲ್ಲಿ ಇರುವ, ನಮ್ಮ ಮೈಯಲ್ಲಿ ಇಲ್ಲದ, ಅವು ಸುಲಭಕ್ಕೆ ಬಿಟ್ಟುಕೊಡಲಾಗದ ಒಂದು ಅಣುವಿನ ತುಣುಕು. ಚಾರ್ಲ್ಸ್ ಜೇನ್‌ವೇ 1989ರಲ್ಲಿ ಈ ವಿಚಾರ ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಇದೇ. ನನ್ನ ಸಲಹೆ 'ಚಹರೆ'. ಚಹರೆ ಗುರುತಿಸುವ ಗ್ರಾಹಕ.

ಸರದಿ ಬರೆದದ್ದು:

ನಾನು ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಉರಿಯೂತ ಮತ್ತು ಸೋಂಕು ಒಂದೇನಾ ಎಂದು ಕೇಳಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಒಂದೇ ಅಲ್ಲ ಮೇಡಂ.

ಹಿಂದೆ ನಾನಿದ್ದ ಒಂದು ಕಡೆ, ಒಂದೇ ಬೆಳಗ್ಗೆ ಮೂವರಿಗೆ ಮಷೀನ್ ಹಾಕಿದ ಸುಮಾರು ಒಂದು ಗಂಟೆಗೆ ಚಳಿ ಬಂತು. ಹಲ್ಲು ಕಟಕಟ ಅನ್ನುವಂಥ ನಡುಕ, ಆಮೇಲೆ ಜ್ವರ, ಬಿಪಿ ಇಳಿಯಿತು. ಬರುವಾಗ ಮೂವರಿಗೂ ಜ್ವರ ಇರಲಿಲ್ಲ. ರಕ್ತ ಕಲ್ಚರ್‌ಗೆ ಕಳಿಸಿದೆವು, ಏನೂ ಬೆಳೆಯಲಿಲ್ಲ. ಮಷೀನ್ ನಿಲ್ಲಿಸಿದ ಮೇಲೆ ಸಂಜೆಯೊಳಗೆ ಜ್ವರ ಇಳಿಯಿತು. ಕೊನೆಗೆ ನೀರಿನ ಪೈಪಿನಲ್ಲಿ ದೋಷ ಸಿಕ್ಕಿತು. ನೀರಲ್ಲಿ ಎಂಡೋಟಾಕ್ಸಿನ್ ಜಾಸ್ತಿ ಇತ್ತು ಅಂದರು. ಸತ್ತ ಬ್ಯಾಕ್ಟೀರಿಯಾ ಹೇಗೆ ಜ್ವರ ತರುತ್ತೆ ಅನ್ನೋದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಪಿಪೆಟ್ ಬರೆದದ್ದು:

ಸರದಿ ಅವರೇ, ಪ್ರಶ್ನೆ ಅದಲ್ಲದಿದ್ದರೂ ಚರ್ಚೆಗೆ ಬೇಕಾದದ್ದನ್ನೇ ತಂದಿದ್ದೀರಿ. ಅಡಿಟಿಪ್ಪಣಿ ಅವರ ವಾಕ್ಯದಲ್ಲಿ ನಿಜವಾದ ತಪ್ಪು ಇರುವುದು ಮಾದರಿಯಲ್ಲೂ ಅಲ್ಲ, ಗ್ರಾಹಕದಲ್ಲೂ ಅಲ್ಲ. "ಸೂಕ್ಷ್ಮಾಣುಗಳನ್ನು ಪತ್ತೆಹಚ್ಚಿ" ಎಂಬಲ್ಲಿ. ಇವು ಸೂಕ್ಷ್ಮಾಣುವನ್ನು ಪತ್ತೆಹಚ್ಚುವುದಿಲ್ಲ, ಸೂಕ್ಷ್ಮಾಣುವಿನ ಅಣುವನ್ನು ಪತ್ತೆಹಚ್ಚುತ್ತವೆ. ಆ ಬ್ಯಾಕ್ಟೀರಿಯಾ ಬದುಕಿದೆಯೋ ಸತ್ತಿದೆಯೋ ಅವಕ್ಕೆ ಗೊತ್ತಾಗುವುದೇ ಇಲ್ಲ.

ಎಂಡೋಟಾಕ್ಸಿನ್ ಅಂದರೆ ಎಲ್‌ಪಿಎಸ್, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪೊರೆಯ ಅಣು. ಬ್ಯಾಕ್ಟೀರಿಯಾ ಸತ್ತರೂ ಅದು ನೀರಲ್ಲಿ ಉಳಿಯುತ್ತದೆ. ನೀರು ಕುದಿಸಿದರೂ ಹಾಳಾಗುವುದಿಲ್ಲ. ಲ್ಯಾಬಿನಲ್ಲಿ ಗಾಜಿನ ಸಾಮಾನಿನಿಂದ ಅದನ್ನು ತೆಗೆಯಲು 250 ಡಿಗ್ರಿ ಒಣಶಾಖದಲ್ಲಿ ಅರ್ಧ ಗಂಟೆ ಇಡುತ್ತೇವೆ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದದ್ದು ಇದಕ್ಕೇ: ಕಲ್ಚರ್ ಬದುಕಿದ್ದನ್ನು ಹುಡುಕುತ್ತದೆ, ಎಲ್‌ಪಿಎಸ್ ಹಿಡಿಯುವ ಟೋಲ್ ತರಹದ ಗ್ರಾಹಕವಾದ ಟಿಎಲ್‌ಆರ್4 ಅಣುವನ್ನು ಹುಡುಕುತ್ತದೆ.

ಈಗ 'ಚಹರೆ' ಎಷ್ಟು ನಿಖರ ಅಂತ ನೋಡಿ. ಎಲ್‌ಪಿಎಸ್‌ನ ಬುಡದಲ್ಲಿ ಲಿಪಿಡ್ ಎ ಎಂಬ ಭಾಗ ಇದೆ. ಇ. ಕೋಲಿಯಲ್ಲಿ ಅದಕ್ಕೆ ಕೊಬ್ಬಿನ ಆರು ಬಾಲ. ಟಿಎಲ್‌ಆರ್4ಗೆ ಅಂಟಿಕೊಂಡೇ ಎಂಡಿ-2 ಎಂಬ ಪುಟ್ಟ ಪ್ರೋಟೀನ್ ಇರುತ್ತದೆ, ಅದರಲ್ಲೊಂದು ಆಳವಾದ ಜೇಬು. ಐದು ಬಾಲ ಆ ಜೇಬಿನೊಳಗೆ ಇಳಿಯುತ್ತವೆ. ಆರನೆಯದು ಜೇಬಿನ ಬಾಯಲ್ಲಿ ಹೊರಗೇ ಉಳಿಯುತ್ತದೆ. ಪಕ್ಕದ ಇನ್ನೊಂದು ಟಿಎಲ್‌ಆರ್4 ಬಂದು ಆ ಆರನೇ ಬಾಲಕ್ಕೆ ತಾಗಿ ಕೂರುತ್ತದೆ. ಎರಡೂ ಜೊತೆಯಾದಾಗಲೇ ಒಳಗಿನ ತುದಿಗಳು ಕೂಡಿ ಸುದ್ದಿ ಮುಂದಕ್ಕೆ ಹೋಗುತ್ತದೆ.

ಪ್ಲೇಗ್ ಬ್ಯಾಕ್ಟೀರಿಯಾ ಇಲ್ಲೇ ತಪ್ಪಿಸಿಕೊಳ್ಳುತ್ತದೆ. ಚಿಗಟದ ಮೈಯ ತಂಪಿನಲ್ಲಿ, ಸುಮಾರು 26 ಡಿಗ್ರಿಯಲ್ಲಿ, ಅದರ ಲಿಪಿಡ್ ಎಗೂ ಆರು ಬಾಲದ ರೂಪ ಇರುತ್ತದೆ. ನಮ್ಮ ಮೈಯ 37 ಡಿಗ್ರಿಗೆ ಬಂದರೆ ಹೆಚ್ಚಾಗಿ ನಾಲ್ಕು ಬಾಲದ್ದನ್ನೇ ಮಾಡುತ್ತದೆ. ಹೊರಗೆ ಉಳಿಯಲು ಬಾಲವೇ ಇಲ್ಲ, ಜೋಡಿ ಸರಿಯಾಗಿ ಕೂಡುವುದಿಲ್ಲ. 37ರಲ್ಲೂ ಆರು ಬಾಲ ಇರುವಂತೆ ಆ ಬ್ಯಾಕ್ಟೀರಿಯಾವನ್ನು ಬದಲಿಸಿ ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ಇಲಿಗಳು ಬದುಕಿದವು. ಟಿಎಲ್‌ಆರ್4 ಇಲ್ಲದ ಇಲಿಗಳು ಸತ್ತವು. ಇಡೀ ರೋಗದ ಹಣೆಬರಹ ಎರಡು ಬಾಲದ ಮೇಲೆ ನಿಂತಿದೆ.

ಹಳೆಪುಟ ಬರೆದದ್ದು:

ಪಿಪೆಟ್ ಅವರ ವಿವರಣೆ ಓದಿ ನನಗೆ ಒಂದು ಆಕ್ಷೇಪ ಹುಟ್ಟಿತು. ಚಹರೆ ಒಳ್ಳೆಯ ಪದ, ಆದರೆ ಅದು ಒಬ್ಬನ ಗುರುತು. ಕಾಣೆಯಾದವರ ಚಹರೆ ಅನ್ನುತ್ತೇವಲ್ಲ, ಆ ಒಬ್ಬ ಮನುಷ್ಯನ ಮಚ್ಚೆ, ಎತ್ತರ, ಬಣ್ಣ. ಇಲ್ಲಿರುವುದು ಗುಂಪಿಗೆಲ್ಲ ಸೇರಿದ ಗುರುತು ಅಂತ ನೀವೇ ಹೇಳಿದಿರಿ. 'ಕುಲಗುರುತು' ಹೇಗೆ? ಕುರಿಗೆ ಹಾಕುವ ಮುದ್ರೆಯ ಹಾಗೆ. ಕುರಿ ಯಾವುದೆಂದು ಹೇಳುವುದಿಲ್ಲ, ಯಾವ ಹಿಂಡಿನದು ಎಂದು ಹೇಳುತ್ತದೆ.

ಗ್ರಾಹಕದ ಬಗ್ಗೆ: ಹಿಡಿದುಕೊಳ್ಳುವುದು ಅಂತಲೇ ಅದರ ಮೂಲ ಅರ್ಥ, ಶಾಸ್ತ್ರದ ಬಳಕೆ ತಪ್ಪಲ್ಲ. 'ಗ್ರಾಹಕರು' ಅಂದರೆ ಜನ, 'ಗ್ರಾಹಕಗಳು' ಅಂದರೆ ವಸ್ತು. ಆ ಬಹುವಚನವೇ ಸಾಕಷ್ಟು ಕೆಲಸ ಮಾಡುತ್ತದೆ. ಮೊದಲ ಸಲ 'ಗ್ರಾಹಕ ಪ್ರೋಟೀನು' ಅಂದುಬಿಡಿ, ಗೊಂದಲ ಹೋಗುತ್ತದೆ.

ಉರಿಯೂತವನ್ನು ಮುಟ್ಟಬೇಡಿ. ಉರಿಯೂ ಇದೆ, ಊತವೂ ಇದೆ. ಕೆಂಪು ಒಂದು ಬಿಟ್ಟುಹೋಗಿದೆ, ಅಷ್ಟೇ.

ಕಾಗುಣಿತ ಬರೆದದ್ದು:

ಟೋಲ್ ವಿಷಯದಲ್ಲಿ ನಾನು ತಪ್ಪಿದೆ, ಒಪ್ಪಿದೆ. ಆದರೆ 'ಕುಲ' ಪಠ್ಯದಲ್ಲಿ ಬೇಡ ಅನಿಸುತ್ತದೆ. ಜೀವಿಗಳ ವರ್ಗೀಕರಣದಲ್ಲಿ ಕುಲ ಅಂದರೆ ಜೀನಸ್. ಅದೇ ಪುಸ್ತಕದಲ್ಲಿ ಎರಡು ಅರ್ಥ ಆದರೆ ಮಕ್ಕಳು ಏನು ಮಾಡಬೇಕು? ಟಿಎಲ್‌ಆರ್4 ಹಿಡಿಯುವ ಗುರುತು ಒಂದೇ ಜೀನಸ್‌ನದೂ ಅಲ್ಲವಲ್ಲ.

ಇನ್ನೊಂದು ಸಂದೇಹ. "ಪ್ರಚೋದಿಸುತ್ತವೆ" ಅಂದರೆ ಕಿತಾಪತಿ ಮಾಡಿದ ಹಾಗೆ ಕೇಳುತ್ತದೆ. ಜನರನ್ನು ಪ್ರಚೋದಿಸಿದರು ಅಂತೀವಲ್ಲ.

ಪಿಪೆಟ್ ಬರೆದದ್ದು:

ಹೌದು, 'ಕುಲ' ಬೇಡ. ಹಳೆಪುಟ ಅವರ ಮುದ್ರೆಯ ಹೋಲಿಕೆ ಮಾತ್ರ ಪುಸ್ತಕದಲ್ಲಿ ಬರಲಿ, ತುಂಬಾ ಸರಿಯಾಗಿದೆ.

ಪ್ರಚೋದಿಸು ಬದಲು "ಚಾಲನೆ ಕೊಡು" ನನಗೆ ಇಷ್ಟ, ಏಕೆಂದರೆ ನಡೆಯುವುದು ಹಾಗೆಯೇ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಜೀವಕೋಶದಲ್ಲಿ ಮೊದಲೇ ತಯಾರಾಗಿ ಇರುತ್ತದೆ. ಐ-ಕಪ್ಪಾ-ಬಿ ಎಂಬ ಇನ್ನೊಂದು ಅದನ್ನು ಹಿಡಿದಿಟ್ಟಿರುತ್ತದೆ. ಟಿಎಲ್‌ಆರ್4 ಜೋಡಿಯಾದ ಸುಮಾರು ಅರ್ಧ ಗಂಟೆಯೊಳಗೆ ಹಿಡಿದಿಟ್ಟದ್ದು ಚೂರಾಗುತ್ತದೆ. ಬಿಡುಗಡೆಯಾದದ್ದು ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್‌ನಂಥ ಉರಿಯೂತದ ಪ್ರೋಟೀನ್‌ಗಳ ಜೀನ್‌ಗಳನ್ನು ಆನ್ ಮಾಡುತ್ತದೆ. ಸರದಿ ಅವರ ರೋಗಿಗಳಿಗೆ ಚಳಿ ಬರಲು ಒಂದು ಗಂಟೆ ಹಿಡಿದದ್ದು ಈ ಕೆಲಸಕ್ಕೆ ಬೇಕಾದ ಹೊತ್ತಿಗೆ ಹೊಂದುತ್ತದೆ. ಅದೇ ಎನ್‌ಎಫ್-ಕಪ್ಪಾ-ಬಿ ಐ-ಕಪ್ಪಾ-ಬಿಯನ್ನೂ ಹೊಸದಾಗಿ ಮಾಡಿಸುತ್ತದೆ. ಅಂದರೆ ಚಾಲನೆ ಕೊಟ್ಟಾಗಲೇ ಬ್ರೇಕ್ ಕೂಡ ತಯಾರಾಗುತ್ತದೆ. ಎಲ್‌ಪಿಎಸ್ ಬರುವುದು ನಿಂತರೆ ಜ್ವರ ಇಳಿಯುವುದಕ್ಕೆ ಅದೂ ಒಂದು ಕಾರಣ.

ಸರದಿ ಬರೆದದ್ದು:

ಓ, ಹಾಗಾದರೆ ಅವತ್ತು ಆಂಟಿಬಯಾಟಿಕ್ ಕೊಟ್ಟಿದ್ದರಿಂದ ಇಳಿದದ್ದಲ್ಲ. ಮಷೀನ್ ನಿಲ್ಲಿಸಿದ್ದೇ ಔಷಧಿ ಆಯ್ತು.

ಅಡಿಟಿಪ್ಪಣಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಪದ ಕೇಳಲು ಬಂದವಳಿಗೆ ವಾಕ್ಯವೇ ತಪ್ಪು ಅಂತ ಗೊತ್ತಾಯಿತು. ತಿದ್ದಿದ ರೂಪ:

"ಟೋಲ್ ತರಹದ ಗ್ರಾಹಕ ಪ್ರೋಟೀನುಗಳು ಸೂಕ್ಷ್ಮಾಣುಗಳ ಗುಂಪುಗುರುತಾದ ಅಣುಗಳನ್ನು ಹಿಡಿದು, ಉರಿಯೂತಕ್ಕೆ ಚಾಲನೆ ಕೊಡುತ್ತವೆ."

ಚಹರೆ ಮತ್ತು ಕುಲಗುರುತಿನ ನಡುವೆ 'ಗುಂಪುಗುರುತು' ಇಟ್ಟಿದ್ದೇನೆ. ತಂಗಿಯ ಮಗಳು ಈ ಸಲ ಅರ್ಥ ಕೇಳಲಿಲ್ಲ. "ನಮ್ಮ ಹೊಟ್ಟೆಯಲ್ಲೂ ಇ. ಕೋಲಿ ಇದೆಯಲ್ಲ, ಅದಕ್ಕೂ ಆರು ಬಾಲ ಇದ್ದರೆ ಯಾವಾಗಲೂ ಜ್ವರ ಯಾಕಿಲ್ಲ?" ಅಂದಳು.

ಹಳೆಪುಟ ಬರೆದದ್ದು:

'ಗುಂಪುಗುರುತು' ಅಂದರೆ ರಾಜಕೀಯ ಪಕ್ಷದ ಚಿಹ್ನೆ ನೆನಪಾಗುತ್ತದೆ. ನಾನಿನ್ನೂ ಒಪ್ಪಿಲ್ಲ.

ಪಿಪೆಟ್ ಬರೆದದ್ದು:

ಹುಡುಗಿಯ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕರುಳಿನ ಒಳಪದರದ ಮೇಲೆ ಲೋಳೆ ಇದೆ, ಬ್ಯಾಕ್ಟೀರಿಯಾ ಜೀವಕೋಶದ ಹತ್ತಿರ ಬರುವುದೇ ಕಡಿಮೆ. ಕರುಳಿನ ಎಷ್ಟೋ ಬ್ಯಾಕ್ಟೀರಿಯಾಗಳ ಲಿಪಿಡ್ ಎಗೆ ಬಾಲ ನಾಲ್ಕೋ ಐದೋ ಮಾತ್ರ. ಹೀಗೆ ಇನ್ನೂ ಕೆಲವು ಕಾರಣ ಇವೆ. ಇದಕ್ಕೆ ಬೇರೆ ಎಳೆ ತೆರೆಯುತ್ತೇನೆ. ಅಲ್ಲಿ 'ಟಾಲರೆನ್ಸ್'ಗೆ ಸಹನೆ ಅನ್ನಬೇಕಾ, ಸೈರಣೆ ಅನ್ನಬೇಕಾ ಎಂಬುದೂ ಬರುತ್ತದೆ.