ಒಳಗಿನ ಬಡ್ತಿ ಸಂದರ್ಶನ: ಮ್ಯಾನೇಜರ್‌ಗೆ ಗೊತ್ತಿರುವ ಘಟನೆಯನ್ನೇ ಸ್ಟಾರ್‌ನಲ್ಲಿ ಹೇಳೋದು ಹೇಗೆ?

ಕೇಳಿದವರು (ಕುಶಾಲನಗರ): ಕಾಫಿ ಕ್ಯೂರಿಂಗ್ ಘಟಕದ ಗುಣಮಟ್ಟ ವಿಭಾಗದಲ್ಲಿದ್ದೇನೆ. ಶಿಫ್ಟ್ ಸೂಪರ್‌ವೈಸರ್ ಹುದ್ದೆಗೆ ಒಳಗಿನವರಿಗೆ ಮಾತ್ರ ಸಂದರ್ಶನ, ಸ್ಟಾರ್ ಪದ್ಧತಿಯಲ್ಲಿ, ಅಂದ್ರೆ ಸಂದರ್ಭ, ನಮ್ಮ ಹೊಣೆ, ಮಾಡಿದ ಕೆಲಸ, ಫಲಿತಾಂಶ ಅನ್ನೋ ಕ್ರಮದಲ್ಲಿ ಉತ್ತರಿಸಬೇಕಂತೆ. ಪ್ಯಾನಲ್‌ನಲ್ಲಿ ನಮ್ಮ ಮ್ಯಾನೇಜರೇ ಇರ್ತಾರೆ. ಫೆಬ್ರವರಿಯಲ್ಲಿ ಸರಿಯಾಗಿ ಒಣಗದ ಚೆರ್ರಿ ಲೋಡ್ ಬಂದಾಗಿನದು ಹೇಳೋಣ ಅಂತಿದ್ದೇನೆ. 120 ಚೀಲದ ಲಾರಿ, ತೇವಾಂಶದ ಮೀಟರ್ ಶೇಕಡಾ 14 ತೋರಿಸಿತು, ಬೆಳೆಗಾರರು ಗಲಾಟೆ ಮಾಡಿದರು, ಕೊನೆಗೆ 38 ಚೀಲ ಒಣಗಿಸಿ ತಗೊಂಡ್ವಿ. ಅವರಿಗೆ ಇದೆಲ್ಲ ಗೊತ್ತಲ್ಲ, ಮತ್ತೆ ಹೇಗೆ ಹೇಳೋದು?

ಸೋಮವಾರಪೇಟೆಯಿಂದ: ಸೀನಿಯಾರಿಟಿ ಪಟ್ಟಿ ನೋಡಿದ್ರಾ? ನಮ್ಮ ಇಲಾಖೆಯಲ್ಲಿ ಸಂದರ್ಶನ ನೆಪಕ್ಕೆ. ಇಲಾಖಾ ಪರೀಕ್ಷೆ ಪಾಸಾದ್ರೆ ಸಾಕು.

ಗೋಣಿಕೊಪ್ಪದಿಂದ: ಅಣ್ಣಾ, ಅವರದು ಖಾಸಗಿ ಘಟಕ, ಪಟ್ಟಿಯ ಮಾತೇ ಬೇರೆ. ಕೇಳಿದವರಿಗೆ ನನ್ನ ಸಲಹೆ ಒಂದೇ: ‘ನಾವು’ ಅನ್ನಲೇಬೇಡಿ. ‘ತಗೊಂಡ್ವಿ’ ಅಂದ್ರೆ ನಿಮ್ಮ ಪಾಲೆಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲಾ ‘ನಾನು ಮಾಡಿದೆ’ ಅಂತಲೇ ಹೇಳಿ.

ಮಡಿಕೇರಿಯಿಂದ, ನೇಮಕಾತಿ ಕೆಲಸ: ಅದು ಅರ್ಧ ಸರಿ. ‘ನಾವು’ ಬಿಡಬೇಕು ನಿಜ. ಆದರೆ ಸೂಪರ್‌ವೈಸರ್ ಹುದ್ದೆಗೆ ಎಲ್ಲವನ್ನೂ ಕೈಯಾರೆ ಮಾಡಿದೆ ಅಂದರೆ ಈಗಿನ ಕೆಲಸಕ್ಕೇ ಲಾಯಕ್ಕು ಅಂತಾಗುತ್ತದೆ. ಯಾರಿಗೆ ಯಾವ ಕೆಲಸ ಹೇಳಿದಿರಿ, ಯಾಕೆ ಅವರಿಗೇ ಹೇಳಿದಿರಿ ಅನ್ನೋದು ಬರಬೇಕು.

ಮ್ಯಾನೇಜರ್‌ಗೆ ಗೊತ್ತಿದೆ ಅನ್ನೋದೇ ಒಳಗಿನ ಸಂದರ್ಶನದ ದೊಡ್ಡ ಗುಂಡಿ. ‘ನಿಮಗೆ ಗೊತ್ತಲ್ಲ ಸಾರ್’ ಅಂತ ಹಾರಿಸಿಬಿಡ್ತಾರೆ. ಅಂಕಪಟ್ಟಿ ಇಟ್ಟುಕೊಂಡ ಪ್ಯಾನಲ್ ನೀವು ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಂಕ ಹಾಕಬೇಕು. ಪಕ್ಕದ ಎಚ್‌ಆರ್‌ಗಂತೂ ಆ ಲಾರಿ ಗೊತ್ತೇ ಇಲ್ಲ. ಹೊಸಬರಿಗೆ ಹೇಳಿದ ಹಾಗೆ ಹೇಳಿ, ಆದರೆ ಸಂದರ್ಭಕ್ಕೆ ಎರಡೇ ವಾಕ್ಯ. ಎರಡು ನಿಮಿಷದ ಉತ್ತರದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನೀವು ಮಾಡಿದ್ದಕ್ಕೇ ಹೋಗಬೇಕು. ಬೆಳೆಗಾರರ ಗಲಾಟೆ ಬಣ್ಣಿಸಲು ಕೂತರೆ ಸಮಯವೆಲ್ಲ ಅಲ್ಲೇ ಕರಗುತ್ತದೆ.

ಅಂದು ನಿಜವಾಗಿ ಏನೇನು ಮಾಡಿದಿರಿ, ಯಾರು ಎಲ್ಲಿದ್ದರು, ಹೇಳಿ.

ಕೇಳಿದವರು: ಸಂಜೆ ಐದು ಗಂಟೆ, ಮ್ಯಾನೇಜರ್ ಊರಲ್ಲಿರಲಿಲ್ಲ. ಲಾರಿಯ ಮೇಲೆ, ನಡುವೆ, ಕೆಳಗೆ ಮತ್ತೆ ಮಾದರಿ ತೆಗೆಸಿದೆ, ಬೆಳೆಗಾರರ ಎದುರಿಗೇ ಅಳೆದೆ. ಹಸಿ ಚೀಲ ಬೇರೆ ಇಡಿಸಿದೆ. ತೂಕ ಕಡಿತಕ್ಕೆ ಮ್ಯಾನೇಜರ್‌ಗೆ ಫೋನ್ ಮಾಡಿದೆ.

ಮಡಿಕೇರಿಯಿಂದ, ನೇಮಕಾತಿ ಕೆಲಸ: ಇಷ್ಟು ಒಳ್ಳೇ ಸರಕು ಇಟ್ಟುಕೊಂಡು ‘ಒಣಗಿಸಿ ತಗೊಂಡ್ವಿ’ ಅಂದುಬಿಟ್ಟಿರಲ್ಲ! ಹೀಗೆ ಹೇಳಿ ನೋಡಿ:

‘ಫೆಬ್ರವರಿಯ ಒಂದು ಸಂಜೆ 120 ಚೀಲ ರೊಬಸ್ಟಾ ಚೆರ್ರಿ ಬಂತು, ಮೀಟರ್ 14 ತೋರಿಸಿತು, ನಮ್ಮ ಮಿತಿ 11. ಮ್ಯಾನೇಜರ್ ಊರಲ್ಲಿರಲಿಲ್ಲ. ಇಳಿಸಿಕೊಳ್ಳಬೇಕೋ ಬೇಡವೋ ಹೇಳುವುದು ನನ್ನ ಹೊಣೆ, ತೂಕ ಕಡಿತ ನಿರ್ಧರಿಸುವುದು ನನ್ನದಲ್ಲ. ಒಂದೇ ಮಾದರಿ ನಂಬಿ ಇಡೀ ಲಾರಿ ವಾಪಸ್ ಕಳಿಸಬಾರದು ಅಂತ ಮೇಲೆ, ನಡುವೆ, ಕೆಳಗಿನಿಂದ ಮಾದರಿ ತೆಗೆಯಲು ಹಮಾಲರಿಗೆ ಹೇಳಿದೆ. ಆಮೇಲೆ ತಕರಾರು ಬರದಿರಲಿ ಅಂತ ಬೆಳೆಗಾರರ ಎದುರಿಗೇ ಅಳೆದೆ. ಹಸಿ ಚೀಲ ಒಣ ಚೀಲದ ಜೊತೆ ಪೇರಿಸಿದರೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ 38 ಚೀಲ ಬೇರೆ ಇಡಿಸಿದೆ. ಕಡಿತದ ಮಾತನ್ನು ಫೋನ್‌ನಲ್ಲಿ ಮ್ಯಾನೇಜರ್‌ಗೆ ಬಿಟ್ಟೆ. ಲಾರಿ ವಾಪಸ್ ಹೋಗಲಿಲ್ಲ, 82 ಚೀಲ ಗೋದಾಮಿಗೆ, 38 ಕಣಕ್ಕೆ.’

ಪ್ರತಿ ಕೆಲಸದ ಜೊತೆ ‘ಯಾಕೆ’ ಬಂದಿದೆ ನೋಡಿ, ಅಂಕ ಅಲ್ಲಿದೆ. ಅಧಿಕಾರದ ಗೆರೆ ಗೊತ್ತು ಅನ್ನೋದೂ ತಾನಾಗಿ ಕಾಣುತ್ತದೆ. ಕಣದಲ್ಲಿ ಎಷ್ಟು ದಿನಕ್ಕೆ 11ಕ್ಕೆ ಬಂತು ಅನ್ನೋದನ್ನು ದಾಖಲೆ ಪುಸ್ತಕದಲ್ಲಿ ನೋಡಿ ಸೇರಿಸಿ, ಅಂದಾಜಿಗೆ ಹೇಳಬೇಡಿ. ಹೊರಗಿನ ಸಂದರ್ಶನದಲ್ಲಿ ಉಬ್ಬಿಸಿದ ಅಂಕಿ ದಾಟಿಹೋಗಬಹುದು, ಇಲ್ಲಿ ಎದುರಿಗೇ ಕೂತವರು ಹಿಡೀತಾರೆ.

ವಿರಾಜಪೇಟೆಯಿಂದ: ಇದನ್ನು ಅಕ್ಷರಕ್ಷರ ಬಾಯಿಪಾಠ ಮಾಡಿದರೆ ಮುಗೀತು. ಮಧ್ಯೆ ‘ಮೀಟರ್ ಸರಿ ಇತ್ತು ಅಂತ ಹೇಗೆ ಗೊತ್ತಾಯ್ತು?’ ಅಂತ ಒಬ್ಬರು ಕೇಳಿದರೆ ದಾರಿ ತಪ್ಪುತ್ತದೆ. ನಾಲ್ಕೈದು ಗುರುತಿನ ಪದ ಸಾಕು: 14, ಮೂರು ಕಡೆ ಮಾದರಿ, ಎದುರಿಗೆ, ಬೇರೆ, ಫೋನ್. ‘ಈಗಾದರೆ ಬೇರೆ ಏನು ಮಾಡ್ತಿದ್ದಿರಿ?’ ಅಂತಲೂ ಕೇಳಬಹುದು. ‘ಏನೂ ಇಲ್ಲ’ ಅನ್ನಬೇಡಿ. ಗೇಟಿನಲ್ಲೇ ಅಳೆಸುತ್ತಿದ್ದೆ ಅನ್ನಬಹುದಲ್ಲ?

ಕೇಳಿದವರು: ಅಲ್ಲೇ ತೊಡಕು ಇರೋದು. ಗೇಟಿನಲ್ಲಿ ಅಳೆಯದೆ ಒಳಗೆ ಬಿಟ್ಟವರೂ ಇದೇ ಹುದ್ದೆಗೆ ಅರ್ಜಿ ಹಾಕಿದ್ದಾರೆ.

ಗೋಣಿಕೊಪ್ಪದಿಂದ: ಹೆಸರು ಹೇಳಿಬಿಡಿ, ನಡೆದದ್ದು ತಾನೆ.

ಮಡಿಕೇರಿಯಿಂದ, ನೇಮಕಾತಿ ಕೆಲಸ: ಬೇಡ. ‘ಲಾರಿ ಒಳಗೆ ಬಂದ ಮೇಲೆ ಗೊತ್ತಾಯಿತು’ ಅಂದರೆ ಸಾಕು. ನಾಳೆ ಆ ಮನುಷ್ಯನ ಶಿಫ್ಟ್ ನೀವೇ ನಡೆಸಬೇಕಾಗಬಹುದು.

ವಿರಾಜಪೇಟೆಯಿಂದ: ಪ್ಯಾನಲ್ಲೇ ‘ಗೇಟಿನಲ್ಲಿ ಯಾರಿದ್ದರು?’ ಅಂತ ನೇರ ಕೇಳಿದರೆ? ಆಗ ಮುಚ್ಚಿಟ್ಟ ಹಾಗೂ ಆಗುತ್ತದೆ. ಇದಕ್ಕಿಂತ ಬೇರೆ ಘಟನೆ ಆರಿಸೋದು ವಾಸಿ ಅನಿಸುತ್ತೆ ನನಗೆ.